ಜಾಹೀರಾತಿನಲ್ಲಿ ‘ಅತ್ಯುತ್ತಮ’ದ ಬದಲು ಏನು ಬರೆಯಬೇಕು? ಸೀರೆ ಅಂಗಡಿಗಳವರು ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗಲಕೋಟೆ, ಇಳಕಲ್, ಗುಳೇದಗುಡ್ಡದ ಬಟ್ಟೆ ಅಂಗಡಿಗಳಿಗೆ ಕರಪತ್ರ, ಫ್ಲೆಕ್ಸ್ ಮತ್ತು ಪತ್ರಿಕೆಯ ಜಾಹೀರಾತು ಬರೆದುಕೊಡುವಾಗ ಮಾಲೀಕರು ನಮ್ಮೆದುರು ಇಡುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಟ್ಟಿದ್ದೇವೆ. ಉದಾಹರಣೆಗೆ ಒಂದೇ ವಸ್ತುವನ್ನು, ಅಂದರೆ ಇಳಕಲ್ ಸೀರೆಯನ್ನು, ಹಿಡಿದುಕೊಂಡಿದ್ದೇವೆ. ಉದಾಹರಣೆಯಲ್ಲಿ ಬರುವ ಅಂಗಡಿ ಮತ್ತು ಅದರ ಬೆಲೆಗಳು ಕಲ್ಪಿತ. ಸೀರೆಯ ಬಗ್ಗೆ ಹೇಳಿದ ಸಂಗತಿಗಳು ಕಲ್ಪಿತವಲ್ಲ.

‘ಅತ್ಯುತ್ತಮ ಗುಣಮಟ್ಟ’, ‘ವಿಶ್ವದರ್ಜೆ’ ಎಂದು ಎಲ್ಲರೂ ಬರೆಸುತ್ತಾರೆ. ನಾವು ಬರೆಸಿದರೆ ತಪ್ಪೇನು?

ತಪ್ಪು ಎನ್ನುವುದಕ್ಕಿಂತ ಆ ಜಾಗ ವ್ಯರ್ಥವಾಗುತ್ತದೆ ಎನ್ನುವುದು ಸರಿ. ‘ಅತ್ಯುತ್ತಮ ಗುಣಮಟ್ಟದ ಇಳಕಲ್ ಸೀರೆಗಳು’ ಎಂಬ ಸಾಲಿನಲ್ಲಿ ನಿಮ್ಮ ಅಂಗಡಿಯ ಹೆಸರನ್ನು ಅಳಿಸಿ ಎದುರಿನ ಅಂಗಡಿಯ ಹೆಸರನ್ನು ಬರೆದರೂ ಸಾಲು ಹಾಗೆಯೇ ನಿಲ್ಲುತ್ತದೆ. ಮದುವೆಗೆ ಸೀರೆ ತೆಗೆಯಲು ಬಂದ ತಾಯಿ, ಮಗಳು, ಸೋದರತ್ತೆ ಮೂವರೂ ಆ ಸಾಲನ್ನು ಓದಿ ಯಾವ ನಿರ್ಧಾರಕ್ಕೂ ಬರಲಾರರು. ಸೀರೆಯ ಒಡಲು ಹತ್ತಿಯೋ ರೇಷ್ಮೆಯೋ, ಸೆರಗು ನಿಜವಾದ ರೇಷ್ಮೆಯೋ ಆರ್ಟ್ ಸಿಲ್ಕೋ, ಕೈಮಗ್ಗದ್ದೋ ಪವರ್‌ಲೂಮಿನದೋ, ಎಷ್ಟು ಗಜ, ಬೆಲೆ ಎಷ್ಟರಿಂದ ಶುರು ಎಂಬ ಅವರ ಪ್ರಶ್ನೆಗಳಲ್ಲಿ ಒಂದಕ್ಕೂ ಅದರಲ್ಲಿ ಉತ್ತರವಿಲ್ಲ.

ಇಂಥ ಹೊಗಳಿಕೆಯನ್ನು ಓದುಗರು ನಂಬುವುದೂ ಇಲ್ಲ, ಅಲ್ಲಗಳೆಯುವುದೂ ಇಲ್ಲ. ಕಣ್ಣು ಹಾಯಿಸಿ ಮುಂದೆ ಹೋಗುತ್ತಾರೆ.

ಪರೀಕ್ಷಿಸಬಹುದಾದ ಹೇಳಿಕೆ ಎಂದು ಯಾವುದನ್ನು ಕರೆಯಬಹುದು?

ಸುಳ್ಳಾಗುವ ಸಾಧ್ಯತೆ ಇರುವ ಹೇಳಿಕೆಯೇ ಪರೀಕ್ಷಿಸಬಹುದಾದ ಹೇಳಿಕೆ. ‘ಸೆರಗು ಶುದ್ಧ ರೇಷ್ಮೆ’ ಎಂದು ಬರೆದರೆ ಒಂದು ಎಳೆಯನ್ನು ಕಿತ್ತು ಸುಟ್ಟು ನೋಡಿ ‘ಇದು ಸುಳ್ಳು’ ಎಂದು ಯಾರಾದರೂ ಹೇಳಬಹುದು. ‘ಮನಮೋಹಕ ಸೆರಗು’ ಎಂದು ಬರೆದರೆ ಹಾಗೆ ಹೇಳಲು ಯಾರಿಗೂ ಬರುವುದಿಲ್ಲ. ಮಾಲೀಕರು ಎರಡನೆಯದನ್ನು ಸುರಕ್ಷಿತವೆಂದು ಭಾವಿಸುವುದು ಇದೇ ಕಾರಣಕ್ಕೆ, ಗಿರಾಕಿಗೆ ಅದು ನಿರುಪಯುಕ್ತವಾಗುವುದೂ ಇದೇ ಕಾರಣಕ್ಕೆ.

ನಾವು ಪ್ರತಿ ಸಾಲಿಗೂ ಎರಡು ಪ್ರಶ್ನೆ ಕೇಳುತ್ತೇವೆ. ಗಿರಾಕಿ ‘ಹೌದಾ, ತೋರಸ್ರಿ’ ಎಂದರೆ ಅಂಗಡಿಯವರು ಗಲ್ಲೆಯ ಮುಂದೆಯೇ ಏನನ್ನು ತೋರಿಸುತ್ತಾರೆ ಎಂಬುದು ಮೊದಲನೆಯದು. ಅದೇ ಸಾಲನ್ನು ಪಕ್ಕದ ಅಂಗಡಿಯವರು ಸುಳ್ಳು ಹೇಳದೆ ಬರೆಸಬಲ್ಲರೇ ಎಂಬುದು ಎರಡನೆಯದು. ಎರಡನೆಯದಕ್ಕೆ ‘ಹೌದು’ ಎಂಬ ಉತ್ತರ ಬಂದರೂ ಚಿಂತೆಯಿಲ್ಲ. ಅವರು ಬರೆಸದೆ ನೀವು ಬರೆಸಿದರೆ ಲಾಭ ನಿಮ್ಮದೇ. ಮೊದಲನೆಯದಕ್ಕೆ ಉತ್ತರವಿಲ್ಲದಿದ್ದರೆ ಮಾತ್ರ ಸಾಲನ್ನು ಕೈಬಿಡಬೇಕು.

ಅಂಥ ವಿವರಗಳನ್ನು ಎಲ್ಲಿಂದ ತರುವುದು? ನಮ್ಮ ಅಂಗಡಿಯಲ್ಲಿ ವಿಶೇಷವೇನೂ ಇಲ್ಲ.

ವಿವರಗಳು ಅಂಗಡಿಯಲ್ಲೇ ಇರುತ್ತವೆ. ಮಾಲೀಕರಿಗೆ ದಿನವೂ ಕಂಡು ಕಂಡು ಅವು ಹೇಳತಕ್ಕ ಸಂಗತಿಗಳೆಂದೇ ಅನ್ನಿಸುವುದಿಲ್ಲ. ನವನಗರದ ಒಂದು ಸೀರೆ ಅಂಗಡಿ ಎಂದಿಟ್ಟುಕೊಳ್ಳೋಣ. ಮಾಲೀಕರು ಕೊಟ್ಟ ಸಾಲುಗಳು ಹೀಗಿವೆ:

> ವಿಶ್ವದರ್ಜೆಯ, ಅತ್ಯುತ್ತಮ ಗುಣಮಟ್ಟದ ಇಳಕಲ್ ಸೀರೆಗಳು. ಅತಿ ಕಡಿಮೆ ಬೆಲೆ. 50 ವರ್ಷಗಳ ವಿಶ್ವಾಸ. ಒಮ್ಮೆ ಭೇಟಿ ಕೊಡಿ, ವ್ಯತ್ಯಾಸ ನೋಡಿ.

ಇದನ್ನು ತಿದ್ದಲು ಕೂರುವ ಮೊದಲು ಸರಕಿನ ಖರೀದಿ ಬಿಲ್ಲುಗಳನ್ನು ತೆಗೆಸಿ ನೋಡಬೇಕು. ಸೀರೆ ಯಾರಿಂದ ಬಂದಿದೆ, ಇಳಕಲ್ಲಿನ ನೇಕಾರರಿಂದ ನೇರವಾಗಿಯೋ ಸಗಟು ವ್ಯಾಪಾರಿಯಿಂದಲೋ ಎಂಬುದು ಅಲ್ಲಿ ತಿಳಿಯುತ್ತದೆ. ಬಿಲ್ಲಿನಲ್ಲಿ ನೂಲಿನ ವಿವರ ಇದ್ದರೆ ಅದನ್ನು ಗುರುತು ಹಾಕಿಕೊಳ್ಳಬೇಕು. ಇಲ್ಲದಿದ್ದರೆ ಕೊಟ್ಟವರಿಂದ ಬರೆಸಿ ತರಿಸಿಕೊಳ್ಳಬೇಕು. ‘ಅವರು ಫೋನಿನ್ಯಾಗ ಹೇಳ್ಯಾರ್ರೀ’ ಎಂಬುದು ಪುರಾವೆಯಾಗುವುದಿಲ್ಲ.

ಅನಂತರ ಸೀರೆಯನ್ನೇ ಬಿಚ್ಚಿ ಅಳೆಯಬೇಕು. ಇಳಕಲ್ ಸೀರೆಗಳು 6, 8 ಮತ್ತು 9 ಗಜಗಳಲ್ಲಿ ಬರುತ್ತವೆ. 6 ಗಜವೆಂದರೆ ಸುಮಾರು 5.5 ಮೀಟರ್, 9 ಗಜವೆಂದರೆ ಸುಮಾರು 8.2 ಮೀಟರ್. ‘ದೊಡ್ಡ ಅಳತೆಯ ಸೀರೆಗಳೂ ಲಭ್ಯ’ ಎಂದು ಬರೆಸುವವರು ‘ಕಚ್ಚೆ ಉಡುವವರಿಗೆ 9 ಗಜದ ಸೀರೆ’ ಎಂದು ಬರೆಸಿದರೆ ಹಳ್ಳಿಯ ಹಿರಿಯ ಹೆಣ್ಣುಮಕ್ಕಳಿಗೆ ಅದು ನೇರವಾಗಿ ಮುಟ್ಟುತ್ತದೆ. ಹೇಳಿದ ಅಳತೆಯಲ್ಲಿ ಬ್ಲೌಸ್ ಪೀಸ್ ಸೇರಿದೆಯೋ ಇಲ್ಲವೋ ಎಂಬುದನ್ನೂ ಬರೆಯಬೇಕು, ಏಕೆಂದರೆ ಮನೆಗೆ ಹೋದ ಮೇಲೆ ಜಗಳವಾಗುವುದು ಹೆಚ್ಚಾಗಿ ಅಲ್ಲಿಯೇ.

ಕೊನೆಯದಾಗಿ, ಗಿರಾಕಿಗಳು ಯಾವ ತಕರಾರು ತಂದು ಮರಳಿ ಬರುತ್ತಾರೆ ಎಂದು ಮಾಲೀಕರನ್ನಲ್ಲ, ಗಲ್ಲೆಯ ಹಿಂದೆ ನಿಂತು ಸೀರೆ ಬಿಚ್ಚಿ ತೋರಿಸುವ ಕೆಲಸದವರನ್ನು ಕೇಳಬೇಕು. ಸೆರಗಿನ ಕೆಂಪು ಒಡಲಿಗೆ ಹತ್ತಿತು ಎಂಬ ದೂರು ಬರುತ್ತಿದ್ದರೆ, ಜಾಹೀರಾತು ಉತ್ತರ ಕೊಡಬೇಕಾದ ಸಂದೇಹವೂ ಅದೇ.

ಇಳಕಲ್ ಸೀರೆಯಲ್ಲಿ ಗಿರಾಕಿ ಸ್ವತಃ ನೋಡಿ ತಿಳಿಯಬಹುದಾದದ್ದು ಯಾವುದು?

ಸೆರಗಿನ ಜೋಡಣೆ. ಈ ಸೀರೆಗೇ ವಿಶಿಷ್ಟವಾದ ಸಂಗತಿ ಅದು. ಆದರೂ ಜಾಹೀರಾತುಗಳಲ್ಲಿ ಅದರ ಸುದ್ದಿ ಬರುವುದು ಅಪರೂಪ, ಇದು ನಮಗೆ ಯಾವಾಗಲೂ ಆಶ್ಚರ್ಯದ ಮಾತು.

ಸಾಮಾನ್ಯ ಸೀರೆಯಲ್ಲಿ ಉದ್ದಕ್ಕೆ ಹಾಯುವ ಹಾಸಿನ ಎಳೆಗಳು ಈ ತುದಿಯಿಂದ ಆ ತುದಿಯವರೆಗೆ ಒಂದೇ ಆಗಿರುತ್ತವೆ. ಸೆರಗಿನಲ್ಲಿ ಬದಲಾಗುವುದು ಅಡ್ಡಕ್ಕೆ ಹಾಯುವ ಹೊಕ್ಕಿನ ಬಣ್ಣ ಮಾತ್ರ. ಸಾಂಪ್ರದಾಯಿಕ ಇಳಕಲ್ ಸೀರೆಯಲ್ಲಿ ಒಡಲಿಗೆ ಒಂದು ಹಾಸು, ಸೆರಗಿಗೆ ಬೇರೆಯೇ ಒಂದು ಹಾಸು. ಎರಡನ್ನೂ ಮಗ್ಗದ ಮೇಲೆ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ಹೀಗೆ ಜೋಡಿಸಬೇಕಾದ್ದರಿಂದ ಪ್ರತಿ ಸೀರೆಗೂ ಹಾಸನ್ನು ಪ್ರತ್ಯೇಕವಾಗಿ ಸಿದ್ಧಪಡಿಸಬೇಕಾಗುತ್ತದೆ. ನೇಕಾರರ ಶ್ರಮ ಮತ್ತು ಸೀರೆಯ ಬೆಲೆ ಎರಡೂ ಹೆಚ್ಚುವುದಕ್ಕೆ ಇದೊಂದು ಮುಖ್ಯ ಕಾರಣ. ಸೆರಗಿನ ಉದ್ದ ಸಾಮಾನ್ಯವಾಗಿ 16ರಿಂದ 27 ಇಂಚು. ಕೆಂಪಿನ ಮೂರು ಪಟ್ಟೆ, ನಡುವೆ ಬಿಳಿಯ ಎರಡು ಪಟ್ಟೆ ಬರುವುದು ಅದರ ಹಳೆಯ ವಿನ್ಯಾಸ.

ಇದನ್ನು ಅಂಗಡಿಯಲ್ಲಿ ತೋರಿಸುವುದು ಸುಲಭ. ಒಡಲು ಮುಗಿದು ಸೆರಗು ಶುರುವಾಗುವ ಜಾಗವನ್ನು ಬೆಳಕಿಗೆ ಹಿಡಿದು, ಬೆರಳಿನಿಂದ ಸವರಿದರೆ ಕೊಂಡಿಗಳ ಸಾಲು ಕೈಗೆ ಹತ್ತುತ್ತದೆ. ಸೆರಗಿನ ತುದಿಯ ಕುಚ್ಚಿನಿಂದ ಉದ್ದದ ಎಳೆಯೊಂದನ್ನು ಬಿಡಿಸಿ ನೋಡಿದರೆ ಅದು ಸೆರಗಿನದೇ ಬಣ್ಣದ್ದಾಗಿರುತ್ತದೆ. ಕೊಂಡಿಯಿಲ್ಲದೆ ನೇಯ್ದ ಅನುಕರಣೆಯಲ್ಲಿ ಒಡಲಿನ ಬಣ್ಣದ ಎಳೆಯೇ ಕೆಂಪು ಹೊಕ್ಕಿನ ಕೆಳಗೆ ತುದಿಯವರೆಗೂ ಸಾಗಿ ಬಂದಿರುತ್ತದೆ.

ಆದ್ದರಿಂದ ‘ಅಪ್ಪಟ ಇಳಕಲ್ ಸೊಬಗು’ ಎಂಬ ಸಾಲಿನ ಜಾಗದಲ್ಲಿ ‘ಒಡಲಿಗೂ ಸೆರಗಿಗೂ ಬೇರೆ ಬೇರೆ ಹಾಸು, ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸಿದ್ದು. ಬನ್ನಿ, ಬೆಳಕಿಗೆ ಹಿಡಿದು ತೋರಿಸುತ್ತೇವೆ’ ಎಂದು ಬರೆಯಬಹುದು. ಕೊಂಡಿಯ ಸೀರೆ ಗೊತ್ತಿದ್ದ ಅಜ್ಜಿಗೆ ಅಂಗಡಿಯವರು ಬಲ್ಲವರು ಎಂದು ತಿಳಿಯುತ್ತದೆ. ಗೊತ್ತಿಲ್ಲದ ಮೊಮ್ಮಗಳಿಗೆ ನೋಡುವ ಕುತೂಹಲ ಹುಟ್ಟುತ್ತದೆ.

ಸೆರಗು ರೇಷ್ಮೆ ಎಂದು ಬರೆಯುವ ಮುನ್ನ ಖಚಿತಪಡಿಸಿಕೊಳ್ಳುವುದು ಹೇಗೆ?

ಇಳಕಲ್ ಸೀರೆಯ ಸೆರಗು ಮತ್ತು ಅಂಚನ್ನು ಶುದ್ಧ ರೇಷ್ಮೆಯಲ್ಲೂ ನೇಯುತ್ತಾರೆ, ಆರ್ಟ್ ಸಿಲ್ಕಿನಲ್ಲೂ ನೇಯುತ್ತಾರೆ. ಕಣ್ಣಿಗೆ ಎರಡೂ ಹೊಳೆಯುತ್ತವೆ. ಕುಚ್ಚಿನ ಒಂದೆರಡು ಎಳೆಗಳನ್ನು ಚಿಮಟಿಗೆಯಲ್ಲಿ ಹಿಡಿದು ಸುಟ್ಟರೆ ವ್ಯತ್ಯಾಸ ತಿಳಿಯುತ್ತದೆ. ರೇಷ್ಮೆ ನಿಧಾನವಾಗಿ ಉರಿದು, ಬೆಂಕಿಯಿಂದ ದೂರ ಸರಿಸಿದಾಗ ತಾನಾಗಿ ಆರುವ ಸ್ವಭಾವದ್ದು. ಕೂದಲು ಸುಟ್ಟ ವಾಸನೆ ಬರುತ್ತದೆ, ಉಳಿದ ಕಪ್ಪು ಗಂಟು ಬೆರಳಲ್ಲಿ ಹಿಸುಕಿದರೆ ಪುಡಿಯಾಗುತ್ತದೆ. ರೇಯಾನ್ ಜಾತಿಯ ಆರ್ಟ್ ಸಿಲ್ಕ್ ಭರ್ರನೆ ಉರಿದು ಕಾಗದ ಸುಟ್ಟ ವಾಸನೆ ಬಿಡುತ್ತದೆ, ಬೂದಿ ಮೃದುವಾಗಿರುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ, ಅದು ಪುಡಿಯಾಗುವುದಿಲ್ಲ.

ಈ ಪರೀಕ್ಷೆಗೆ ಒಂದು ಮಿತಿಯಿದೆ. ಎಳೆಯಲ್ಲಿ ಮಿಶ್ರಣವಿದ್ದರೆ ಸುಟ್ಟು ನೋಡಿದಾಗ ಎಷ್ಟು ಪಾಲು ರೇಷ್ಮೆ ಎಂದು ತಿಳಿಯದು, ಮತ್ತು ಒಂದು ಸೀರೆಯ ಫಲಿತಾಂಶ ಇಡೀ ಗಂಟಿಗೆ ಅನ್ವಯಿಸದು. ಹಾಗಾಗಿ ‘100% ಶುದ್ಧ ರೇಷ್ಮೆ’ ಎಂದು ಶೇಕಡಾವಾರು ಬರೆಸಬೇಕಾದರೆ ಪ್ರಯೋಗಾಲಯದ ವರದಿ ಅಥವಾ ಸಿಲ್ಕ್ ಮಾರ್ಕ್ ಚೀಟಿ ಕೈಯಲ್ಲಿರಲಿ. ಅಲ್ಲದೆ ಒಡಲು ಹತ್ತಿಯದಾಗಿದ್ದು ಸೆರಗು ಮಾತ್ರ ರೇಷ್ಮೆಯಾಗಿದ್ದಾಗ ‘ಶುದ್ಧ ರೇಷ್ಮೆ ಇಳಕಲ್ ಸೀರೆ’ ಎಂದು ಬರೆಸುವುದು ನೇರವಾದ ತಪ್ಪು ಹೇಳಿಕೆ. ‘ಹತ್ತಿ ಒಡಲು, ರೇಷ್ಮೆ ಸೆರಗು’ ಎಂದು ಬಿಡಿಸಿ ಬರೆದರೆ ಮಾತು ನಿಜವೂ ಆಗುತ್ತದೆ, ನಮ್ಮ ಬೇಸಿಗೆಯಲ್ಲಿ ಉಡುವವರಿಗೆ ಹತ್ತಿಯ ಒಡಲು ಆಕರ್ಷಣೆಯೂ ಆಗುತ್ತದೆ.

ಆರ್ಟ್ ಸಿಲ್ಕ್, ಪವರ್‌ಲೂಮ್ ಸೀರೆಗಳನ್ನೂ ಮಾರುತ್ತೇವೆ. ಅದನ್ನು ಬಾಯಿಬಿಟ್ಟು ಹೇಳಿದರೆ ಗಿರಾಕಿ ಹೋಗಿಬಿಡುವುದಿಲ್ಲವೇ?

ದಿನ ಉಡುವುದಕ್ಕೆ ಕಡಿಮೆ ಬೆಲೆಯ ಸೀರೆ ಬೇಕಾದವರು ಎಲ್ಲಿಯೂ ಹೋಗುವುದಿಲ್ಲ; ಅವರಿಗೆ ಬೇಕಾದದ್ದೂ ಅದೇ. ಹೋಗುವವರು ಕೈಮಗ್ಗವೆಂದು ಭಾವಿಸಿ ಬಂದು, ಅಲ್ಲವೆಂದು ಗೊತ್ತಾದ ಮೇಲೆ ಸಿಟ್ಟಾದವರು. ಎರಡೂ ಬಗೆಯ ಸರಕನ್ನು ಒಂದೇ ‘ಅತ್ಯುತ್ತಮ’ದ ಅಡಿಯಲ್ಲಿ ಸೇರಿಸಿದಾಗ ಕಡಿಮೆ ಬೆಲೆಯ ಸೀರೆಯನ್ನು ನೋಡಿದವರು ಕೈಮಗ್ಗದ ಸೀರೆಯ ಬೆಲೆಯನ್ನು ಅನ್ಯಾಯವೆಂದು ತಿಳಿಯುತ್ತಾರೆ. ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ, ಬೇರೆ ಬೇರೆ ಬೆಲೆಯೊಂದಿಗೆ ಬರೆದರೆ ಆ ಅಂತರಕ್ಕೆ ಕಾರಣ ತಾನಾಗಿ ತಿಳಿಯುತ್ತದೆ.

ಹಾಗಾದರೆ ನವನಗರದ ಆ ಜಾಹೀರಾತು ಕೊನೆಗೆ ಹೇಗಾಯಿತು?

> ಇಳಕಲ್ಲಿನ ಕೈಮಗ್ಗದ ಸೀರೆ. ಹತ್ತಿ ಒಡಲು, ರೇಷ್ಮೆ ಸೆರಗು, ಎಳೆಗೆ ಎಳೆ ಕೊಂಡಿ ಹಾಕಿದ ಜೋಡಣೆ. ಸೀರೆ 5.5 ಮೀಟರ್, ಬ್ಲೌಸ್ ಪೀಸ್ ಪ್ರತ್ಯೇಕ. ₹3,200ರಿಂದ.
> ದಿನ ಉಡಲು: ಪವರ್‌ಲೂಮ್, ಆರ್ಟ್ ಸಿಲ್ಕ್ ಸೆರಗು. ₹850ರಿಂದ.
> ಮೊದಲ ಮೂರು ಒಗೆತದಲ್ಲಿ ಸೆರಗಿನ ಬಣ್ಣ ಒಡಲಿಗೆ ಹತ್ತಿದರೆ, ಬಿಲ್ಲು ತನ್ನಿ, ಸೀರೆ ಬದಲಿಸಿ ಕೊಡುತ್ತೇವೆ.
> 1974ರಿಂದ: ಮೊದಲು ಹಳೇ ಬಾಗಲಕೋಟೆಯಲ್ಲಿ, ಈಗ ನವನಗರದಲ್ಲಿ.

ಇದರಲ್ಲಿ ಒಂದೂ ಹೊಗಳಿಕೆಯ ಪದವಿಲ್ಲ, ಆದರೂ ಮೊದಲಿನ ಜಾಹೀರಾತಿಗಿಂತ ಇದು ಹೆಚ್ಚು ಹೊಗಳುತ್ತದೆ. ಕೊನೆಯ ಸಾಲನ್ನು ಗಮನಿಸಿ. ‘50 ವರ್ಷಗಳ ವಿಶ್ವಾಸ’ ಎಂಬಲ್ಲಿ ವಿಶ್ವಾಸವನ್ನು ಅಳೆಯಲು ಬರುವುದಿಲ್ಲ. ಇಸವಿಯನ್ನು ಹಳೆಯ ಪರವಾನಗಿಯಲ್ಲಿ ನೋಡಬಹುದು. ಆಲಮಟ್ಟಿಯ ಹಿನ್ನೀರಿನಿಂದಾಗಿ ಊರಿನ ಭಾಗವೇ ಸ್ಥಳಾಂತರಗೊಂಡ ಕಾರಣ ‘ಅದೇ ಜಾಗದಲ್ಲಿ’ ಎಂದು ಬರೆಸಲು ಇಲ್ಲಿ ಅನೇಕ ಹಳೆಯ ಅಂಗಡಿಗಳಿಗೆ ಸಾಧ್ಯವಿಲ್ಲ. ಎರಡೂ ಊರುಗಳ ಹೆಸರನ್ನು ಬರೆದರೆ ಹಳೆಯ ಗಿರಾಕಿಗಳಿಗೆ ಯಾವ ಅಂಗಡಿ ಎಂದು ಗುರುತೂ ಸಿಗುತ್ತದೆ.

‘ಬಣ್ಣ ಹೋಗುವುದಿಲ್ಲ, ಗ್ಯಾರಂಟಿ’ ಎಂದು ಬರೆಯಬಹುದೇ?

ಬರೆಯಬಾರದು. ಎಷ್ಟು ಒಗೆತಕ್ಕೆ, ಯಾವ ಸೋಪಿಗೆ, ಬಿಸಿನೀರಿಗೋ ತಣ್ಣೀರಿಗೋ ಎಂದು ಹೇಳದ ಗ್ಯಾರಂಟಿಗೆ ಕೊನೆಯಿಲ್ಲ. ತಕ್ಕ ಪರೀಕ್ಷೆಯ ಆಧಾರವಿಲ್ಲದೆ ವಸ್ತುವಿನ ಬಾಳಿಕೆಯ ಬಗ್ಗೆ ಗ್ಯಾರಂಟಿ ಕೊಡುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎಂದೇ ಪರಿಗಣಿಸುತ್ತದೆ.

ಅಂಗಡಿಯಲ್ಲಿ ಮಾಡಬಹುದಾದ ಪರೀಕ್ಷೆ ಸರಳವಾದದ್ದು: ಬಿಳಿಯ ಹತ್ತಿ ಬಟ್ಟೆಯನ್ನು ಒದ್ದೆ ಮಾಡಿ ಸೆರಗಿನ ಕೆಂಪಿನ ಮೇಲೆ ಹತ್ತು ಸಲ ಉಜ್ಜಿ ನೋಡುವುದು. ಬಟ್ಟೆ ಕೆಂಪಾದರೆ ಆ ಸರಕಿಗೆ ಬಣ್ಣದ ಮಾತೇ ಬೇಡ. ಪ್ರಯೋಗಾಲಯಕ್ಕೆ ಕೊಟ್ಟರೆ ಬಣ್ಣದ ಬಾಳಿಕೆಯನ್ನು 1ರಿಂದ 5ರವರೆಗಿನ ದರ್ಜೆಯಲ್ಲಿ ಹೇಳುತ್ತಾರೆ. 5 ಎಂದರೆ ಬದಲಾವಣೆ ಕಾಣದಷ್ಟು ಗಟ್ಟಿ. ವರದಿ ಇಲ್ಲದವರು ನವನಗರದ ಅಂಗಡಿಯಂತೆ ಬಣ್ಣದ ಬಗ್ಗೆ ಹೇಳಿಕೆ ಕೊಡದೆ, ಬಣ್ಣ ಹತ್ತಿದರೆ ತಾವು ಏನು ಮಾಡುತ್ತೇವೆ ಎಂಬ ವಚನ ಕೊಡುವುದು ಮೇಲು. ಆ ವಚನವನ್ನು ಬಿಲ್ಲಿನ ಮೇಲೂ ಅಚ್ಚು ಹಾಕಿಸಬೇಕು. ದೋಷವಿರುವ ಸರಕನ್ನು ಮರಳಿ ಪಡೆಯುವ ಅವಧಿಯನ್ನು ಬಿಲ್ಲಿನಲ್ಲಿ ಹೇಳದಿದ್ದರೆ ಅದೇ ಕಾಯ್ದೆ 30 ದಿನಗಳ ಲೆಕ್ಕ ಹಿಡಿಯುತ್ತದೆ ಎಂಬುದು ಅನೇಕ ಅಂಗಡಿಗಳಿಗೆ ತಿಳಿದಿಲ್ಲ. ‘ಒಮ್ಮೆ ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ’ ಎಂಬ ಫಲಕ ಈಗಲೂ ತೂಗುತ್ತಿರುತ್ತದೆ.

‘ಜಿಲ್ಲೆಗೇ ನಂಬರ್ 1’, ‘ಅತಿ ಕಡಿಮೆ ಬೆಲೆ’, ‘50% ರಿಯಾಯಿತಿ’: ಇವು ನಿರ್ದಿಷ್ಟವಾಗಿಯೇ ಇವೆಯಲ್ಲವೇ?

ನಿರ್ದಿಷ್ಟವಾಗಿವೆ, ಅದಕ್ಕೇ ಹೆಚ್ಚು ಅಪಾಯಕಾರಿ. ‘ಅತ್ಯುತ್ತಮ’ವನ್ನು ಜನ ಅಂಗಡಿಯವರ ಉತ್ಪ್ರೇಕ್ಷೆ ಎಂದು ಬಿಟ್ಟುಬಿಡುತ್ತಾರೆ. ‘ನಂಬರ್ 1’ ಎಂದರೆ ಯಾವುದರಲ್ಲಿ, ಯಾವ ವರ್ಷದಲ್ಲಿ, ಯಾರ ಲೆಕ್ಕದಲ್ಲಿ ಎಂದು ಕೇಳಲು ಅವಕಾಶವಿದೆ. ಜಿಲ್ಲೆಯ ಎಲ್ಲ ಅಂಗಡಿಗಳ ಮಾರಾಟದ ಅಂಕಿ ನಿಮ್ಮಲ್ಲಿರಲು ಸಾಧ್ಯವೇ ಇಲ್ಲ. ‘ಅತಿ ಕಡಿಮೆ ಬೆಲೆ’ಯನ್ನು ಪಕ್ಕದವರು ₹50 ಇಳಿಸಿದ ಕ್ಷಣದಲ್ಲೇ ಸುಳ್ಳು ಮಾಡಬಲ್ಲರು. ಬೆಲೆಯನ್ನೇ ಬರೆಯಿರಿ, ಕಡಿಮೆಯೋ ಹೆಚ್ಚೋ ಎಂದು ಓದಿದವರು ನಿರ್ಧರಿಸಲಿ.

ರಿಯಾಯಿತಿಯ ಪ್ರಶ್ನೆ ಬೇರೆ. 50% ಎಂದರೆ ಯಾವ ಬೆಲೆಯ ಮೇಲೆ? ಹಬ್ಬಕ್ಕೆ ಮೊದಲು ₹2,000ಕ್ಕೆ ಮಾರುತ್ತಿದ್ದ ಸೀರೆಗೆ ₹4,000ದ ಚೀಟಿ ಹಚ್ಚಿ ಅರ್ಧಕ್ಕೆ ಕೊಟ್ಟರೆ ಅದು ರಿಯಾಯಿತಿಯಲ್ಲ. ಹಳೆಯ ಬಿಲ್ ಪುಸ್ತಕದಲ್ಲಿ ಆ ಬೆಲೆಗೆ ನಿಜವಾಗಿ ಮಾರಿದ ದಾಖಲೆ ಇದ್ದರೆ ಮಾತ್ರ ಆ ಬೆಲೆಯನ್ನು ಬರೆದು ಹೊಡೆದುಹಾಕಬಹುದು. ರಿಯಾಯಿತಿ ಕೆಲವೇ ಸೀರೆಗಳಿಗಿದ್ದರೆ ಎಷ್ಟು ಸೀರೆಗಳಿಗೆ, ಎಂದಿನವರೆಗೆ ಎಂದು ಹೇಳಬೇಕು. ಎರಡು ಸೀರೆಗಳನ್ನು ತೋರಿಸಿ ಜನರನ್ನು ಕರೆದು ‘ಖಾಲಿ ಆತ್ರಿ’ ಎನ್ನುವುದು ಆಮಿಷದ ಜಾಹೀರಾತಾಗುತ್ತದೆ.

ಹ್ಯಾಂಡ್‌ಲೂಮ್ ಮಾರ್ಕ್, ಸಿಲ್ಕ್ ಮಾರ್ಕ್, ಜಿಐ ಇವನ್ನು ಹಾಕಿಕೊಂಡರೆ ಸಾಲದೇ?

ಒಂದೊಂದು ಗುರುತೂ ತನ್ನದೊಂದೇ ಮಾತಿಗೆ ಸಾಕ್ಷಿ. ಹ್ಯಾಂಡ್‌ಲೂಮ್ ಮಾರ್ಕ್ ಸೀರೆ ಕೈಮಗ್ಗದ್ದು ಎಂದು ಹೇಳುತ್ತದೆ. ಅದರ ನೂಲು ರೇಷ್ಮೆ ಎಂದು ಹೇಳುವುದಿಲ್ಲ. ಸಿಲ್ಕ್ ಮಾರ್ಕ್ ರೇಷ್ಮೆಗೆ ಸಂಬಂಧಿಸಿದ್ದು. ಮಗ್ಗದ ಬಗ್ಗೆ ಅದು ಮಾತಾಡುವುದಿಲ್ಲ. ಇಳಕಲ್ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ, ಆದರೆ ಆ ಹೆಸರನ್ನು ನೋಂದಣಿಯ ಅಡಿಯಲ್ಲಿ ಬಳಸುವ ಹಕ್ಕು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡವರದು. ಯಾವುದೇ ಚಿಹ್ನೆಯನ್ನು ಅಂಗಡಿಯ ಫಲಕದ ಮೇಲೆ ಒಟ್ಟಾರೆಯಾಗಿ ಹಾಕಿದರೆ ಒಳಗಿರುವ ಎಲ್ಲ ಸೀರೆಗಳಿಗೂ ಅದು ಇದೆ ಎಂಬ ಅರ್ಥ ಬರುತ್ತದೆ. ಚೀಟಿ ಇರುವ ಸೀರೆಯ ಚಿತ್ರದ ಪಕ್ಕದಲ್ಲಷ್ಟೇ ಚಿಹ್ನೆ ಬರಲಿ.

ಕಾನೂನು ಇದರಲ್ಲಿ ಎಷ್ಟರ ಮಟ್ಟಿಗೆ ಬರುತ್ತದೆ?

ಸ್ಪಷ್ಟವಾಗಿ ಕಾಣುವ ಉತ್ಪ್ರೇಕ್ಷೆಯನ್ನು ಯಾರೂ ಸುಲಭಕ್ಕೆ ಪ್ರಶ್ನಿಸುವುದಿಲ್ಲ. ವಸ್ತುವಿನ ಗುಣ, ಪ್ರಮಾಣ, ಸಂಯೋಜನೆಯ ಬಗ್ಗೆ ಸುಳ್ಳು ಹೇಳುವುದು ಬೇರೆ. 2019ರ ಕಾಯ್ದೆಯ ಪ್ರಕಾರ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ದಾರಿ ತಪ್ಪಿಸುವ ಜಾಹೀರಾತಿಗೆ ₹10 ಲಕ್ಷದವರೆಗೆ, ಮತ್ತೆ ಅದೇ ತಪ್ಪು ಮಾಡಿದರೆ ₹50 ಲಕ್ಷದವರೆಗೆ ದಂಡ ವಿಧಿಸಬಹುದು. 2022ರ ಮಾರ್ಗಸೂಚಿಗಳಲ್ಲಿ ನಮ್ಮ ಕಡೆಯವರು ಮುಖ್ಯವಾಗಿ ಗಮನಿಸಬೇಕಾದ ಒಂದು ನಿಯಮವಿದೆ: ಹೇಳಿಕೆ ಯಾವ ಭಾಷೆಯಲ್ಲಿದೆಯೋ ಷರತ್ತಿನ ಟಿಪ್ಪಣಿಯೂ ಅದೇ ಭಾಷೆಯಲ್ಲಿರಬೇಕು. ಮೇಲೆ ದೊಡ್ಡದಾಗಿ ಕನ್ನಡದಲ್ಲಿ ರಿಯಾಯಿತಿ ಬರೆದು, ಕೆಳಗೆ ಇಂಗ್ಲಿಷಿನಲ್ಲಿ ಇರುವೆ ಗಾತ್ರದ ಅಕ್ಷರಗಳಲ್ಲಿ ‘ಷರತ್ತುಗಳು ಅನ್ವಯ’ ಎನ್ನುವುದು ನಡೆಯದು. ಮೇಲಿನ ಮಾತನ್ನು ಟಿಪ್ಪಣಿಯಲ್ಲಿ ಅಲ್ಲಗಳೆಯುವಂತೆಯೂ ಇಲ್ಲ.

ಫ್ಲೆಕ್ಸಿನ ಮೇಲೆ ಇಷ್ಟೆಲ್ಲ ಬರೆಯಲು ಜಾಗ ಎಲ್ಲಿದೆ?

ಎಲ್ಲವನ್ನೂ ಬರೆಯಬೇಕಾಗಿಲ್ಲ. ಬೈಕಿನ ಮೇಲೆ ಹೋಗುವವರು ಓದುವುದು ಐದಾರು ಪದ: ‘ಹತ್ತಿ ಒಡಲು, ರೇಷ್ಮೆ ಸೆರಗು, ₹3,200ರಿಂದ’ ಎಂದರೆ ಫ್ಲೆಕ್ಸ್ ಮುಗಿಯಿತು. ಕೊಂಡಿಯ ವಿವರ ಕರಪತ್ರಕ್ಕೆ ಮತ್ತು ವಾಟ್ಸ್ಆ್ಯಪ್ ಸಂದೇಶಕ್ಕೆ ಹೋಗಲಿ; ಜೋಡಣೆಯನ್ನು ಹತ್ತಿರದಿಂದ ತೆಗೆದ ಒಂದು ಫೋಟೊ ಜೊತೆಗಿದ್ದರೆ ಪದಗಳೂ ಕಡಿಮೆ ಸಾಕು.

ಒಮ್ಮೆ ಬರೆಸಿದ ಜಾಹೀರಾತನ್ನು ಎಷ್ಟು ದಿನ ಬಳಸಬಹುದು?

ಹೊಗಳಿಕೆಗೆ ಅವಧಿಯಿಲ್ಲ, ಹೇಳಿಕೆಗೆ ಇದೆ. ನೂಲಿನ ಬೆಲೆ ಏರಿ ₹3,200ರ ಸೀರೆ ₹3,500 ಆದ ದಿನ ಆ ಸಾಲು ಸುಳ್ಳಾಗುತ್ತದೆ. ಹೊಸ ಗಂಟು ಬೇರೆ ಕಡೆಯಿಂದ ಬಂದರೆ ಸೆರಗು ರೇಷ್ಮೆಯೋ ಅಲ್ಲವೋ ಎಂಬುದನ್ನು ಮತ್ತೆ ಮೊದಲಿನಿಂದ ನೋಡಬೇಕು. ನಾವು ಪ್ರತಿ ಜಾಹೀರಾತಿನ ಒಂದು ಪ್ರತಿಯ ಹಿಂಬದಿಗೆ ಅದರ ಪುರಾವೆಗಳನ್ನು, ಅಂದರೆ ಖರೀದಿ ಬಿಲ್ಲಿನ ನಕಲು, ನೇಕಾರರ ಬರಹ, ಚೀಟಿಯ ಫೋಟೊ ಇವನ್ನು ಪಿನ್ನು ಮಾಡಿ ಫೈಲಿನಲ್ಲಿ ಇಡಲು ಹೇಳುತ್ತೇವೆ. ಹೊಸ ಸರಕು ಬಂದಾಗ ಆ ಫೈಲನ್ನು ತೆರೆದು, ಪುರಾವೆ ಬದಲಾದ ಸಾಲುಗಳನ್ನು ಮಾತ್ರ ತಿದ್ದಿ ಮುದ್ರಣಕ್ಕೆ ಕಳಿಸಿದರೆ ಸಾಕು. ಗೋಡೆಗೆ ಹಚ್ಚಿದ ಹಳೆಯ ಫ್ಲೆಕ್ಸನ್ನು ಅದೇ ದಿನ ಇಳಿಸಬೇಕು. ಹಳೆಯ ಬೆಲೆಯ ಫೋಟೊ ತೆಗೆದುಕೊಂಡು ಬಂದ ಗಿರಾಕಿಗೆ ಅದೇ ಬೆಲೆಗೆ ಕೊಡುವುದು ಅಂಗಡಿಯವರ ಪಾಲಿಗೆ ಬರುತ್ತದೆ.